ಹತ್ತು ಷೇರು ನೂರಾದ ಕಥೆ: ಸ್ಪ್ಲಿಟ್ ಮತ್ತು ಬೋನಸ್ ಬಗ್ಗೆ ನಿಮ್ಮ ಅನುಭವ ಹೇಳಿ

ಕೇಳಿದವರು: 2025ರ ಜನವರಿಯಲ್ಲಿ ಬಜಾಜ್ ಫೈನಾನ್ಸ್‌ನ 10 ಷೇರು ಕೊಂಡಿದ್ದೆ, ಒಂದಕ್ಕೆ ಸುಮಾರು 7,000 ರೂಪಾಯಿಯಂತೆ. ಜೂನ್‌ನಲ್ಲಿ ಸ್ಪ್ಲಿಟ್ ಮತ್ತು ಬೋನಸ್ ಎರಡೂ ಒಟ್ಟಿಗೆ ಬಂದವು. ಒಂದು ಎರಡಾಗುತ್ತೆ, ಮೇಲೆ ನಾಲ್ಕು ಬೋನಸ್ ಅಂದರು. ಅಂದರೆ 60 ಆಗಬೇಕಿತ್ತಲ್ವಾ? ಖಾತೆಯಲ್ಲಿ 100 ಇವೆ. ನನಗೆ ಲಾಭ ಆಯ್ತಾ? ಡಿಸೆಂಬರ್‌ನೊಳಗೆ 20 ಷೇರು ಮಾರೋಣ ಅಂತಿದ್ದೀನಿ. ತಿಳಿದವರು ಹೇಳಿ.

ಹಳೇ ಹೂಡಿಕೆದಾರ: ಸ್ಪ್ಲಿಟ್ ಅಂದರೆ ದೊಡ್ಡ ನೋಟಿಗೆ ಚಿಲ್ಲರೆ ಕೊಟ್ಟ ಹಾಗೆ, ಅದರಲ್ಲಿ ಏನೂ ಸಿಗಲ್ಲ. ಆದರೆ ಬೋನಸ್ ಹಾಗಲ್ಲ ಮೇಡಂ. ಅದು ಕಂಪನಿ ತನ್ನ ಲಾಭದಿಂದ ಪುಕ್ಕಟೆ ಕೊಡೋದು. ಇನ್ಫೋಸಿಸ್ ನೋಡಿ. 1993ರಲ್ಲಿ 95 ರೂಪಾಯಿಯಂತೆ 100 ಷೇರು ತಗೊಂಡು ಸುಮ್ನೆ ಇಟ್ಟುಕೊಂಡವರ ಹತ್ತಿರ ಈಗ 1,02,400 ಷೇರಿವೆ. ಅದೆಲ್ಲ ಬೋನಸ್‌ನ ಮಹಿಮೆ. ನೀವು ಮಾರಬೇಡಿ.

ಖಾತೆ ಕಿರ್ದಿ: ಮೊದಲು ಎಣಿಕೆ ಮುಗಿಸಿಬಿಡೋಣ. ಇಲ್ಲಿ ಕೂಡಿಸೋದಲ್ಲ, ಗುಣಿಸೋದು. 2 ರೂಪಾಯಿ ಮುಖಬೆಲೆಯ ಒಂದು ಷೇರು, 1 ರೂಪಾಯಿಯ ಎರಡು ಷೇರಾಯಿತು. ಆಮೇಲೆ ಆ ಎರಡರಲ್ಲಿ ಒಂದೊಂದಕ್ಕೂ ನಾಲ್ಕು ಬೋನಸ್. ಅಂದರೆ ಎರಡರ ಜೊತೆ ಎಂಟು ಸೇರಿ ಹತ್ತು. ನಿಮ್ಮ 10 ಷೇರು 100 ಆಗಿದ್ದು ಸರಿಯಾಗೇ ಇದೆ.

ಬೆಲೆಯೂ ಅದೇ ಲೆಕ್ಕದಲ್ಲಿ ಇಳಿಯಿತು. ಯಾರ ಖಾತೆಯಲ್ಲಿ ಷೇರಿದೆ ಅಂತ ಕಂಪನಿ ನೋಡುವ ದಿನ, ಅಂದರೆ ರೆಕಾರ್ಡ್ ಡೇಟ್, ಜೂನ್ 16. ಅದರ ಹಿಂದಿನ ವಹಿವಾಟಿನ ದಿನ ಷೇರು ಸುಮಾರು 9,300ರಲ್ಲಿತ್ತು, 16ರಂದು 930ರ ಆಸುಪಾಸಿನಲ್ಲಿ ಶುರುವಾಯಿತು. ಕಂಪನಿಯ ಒಟ್ಟು ಷೇರು 62 ಕೋಟಿ ಚಿಲ್ಲರೆ ಇದ್ದದ್ದು 620 ಕೋಟಿ ದಾಟಿತು. ಎರಡನ್ನೂ ಗುಣಿಸಿ ನೋಡಿ. ಹಿಂದೆಯೂ ಮುಂದೆಯೂ ಮಾರುಕಟ್ಟೆ ಮೌಲ್ಯ ಹತ್ತಿರ ಹತ್ತಿರ 5.8 ಲಕ್ಷ ಕೋಟಿಯೇ. ಅದರಲ್ಲಿ ನಿಮ್ಮ ಪಾಲು ಒಂದು ಕೂದಲಷ್ಟೂ ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ.

ಹಿರಿಯರು ಹೇಳಿದ ಬೋನಸ್ ವಿಷಯಕ್ಕೆ ಬರ್ತೀನಿ. ಸ್ಪ್ಲಿಟ್ ಮತ್ತು ಬೋನಸ್ ಬೇರೆ ಅನ್ನೋದು ನಿಜ, ಆದರೆ ತೆರಿಗೆಯ ಮಾತು ಬಿಟ್ಟರೆ ಬೇರೆಯಾಗೋದು ಕಂಪನಿಯ ಪುಸ್ತಕದಲ್ಲಿ ಮಾತ್ರ. ಸ್ಪ್ಲಿಟ್‌ಗೆ ಮುಂಚೆ 62 ಕೋಟಿ ಷೇರು, ತಲಾ 2 ರೂಪಾಯಿ ಮುಖಬೆಲೆ. ಷೇರು ಬಂಡವಾಳ 124 ಕೋಟಿ. ಸ್ಪ್ಲಿಟ್ ಆದಮೇಲೆ 124 ಕೋಟಿ ಷೇರು, ತಲಾ 1 ರೂಪಾಯಿ. ಬಂಡವಾಳ ಅದೇ 124 ಕೋಟಿ. ಬೋನಸ್‌ನಲ್ಲಿ ಮುಖಬೆಲೆ ಮುಟ್ಟಲ್ಲ. ಹೊಸದಾಗಿ 496 ಕೋಟಿ ಷೇರು ಹುಟ್ಟಬೇಕು, ಅದಕ್ಕೆ 496 ಕೋಟಿ ರೂಪಾಯಿಯನ್ನು ಮೀಸಲು ನಿಧಿಯ ಸಾಲಿನಿಂದ ತೆಗೆದು ಷೇರು ಬಂಡವಾಳದ ಸಾಲಿಗೆ ಬರೆಯುತ್ತಾರೆ. ಅಲ್ಲಿ ಬಂಡವಾಳ 620 ಕೋಟಿ ಆಯಿತು, ಇಲ್ಲಿ ಮೀಸಲು ಅಷ್ಟೇ ಕಡಿಮೆಯಾಯಿತು. ಕಂಪನಿಯ ಬ್ಯಾಂಕ್ ಖಾತೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗಲಿಲ್ಲ. ಹೋಗದ ದುಡ್ಡು ನಿಮ್ಮ ಕೈಗೆ ಎಲ್ಲಿಂದ ಬರಬೇಕು?

ಹಳೇ ಹೂಡಿಕೆದಾರ: ಹಾಗಾದರೆ ಇನ್ಫೋಸಿಸ್‌ನಲ್ಲಿ ಕೋಟ್ಯಧಿಪತಿಗಳಾದವರು?

ಖಾತೆ ಕಿರ್ದಿ: ಆ 1,02,400 ಲೆಕ್ಕ ಸರಿ ಇದೆ ಸರ್. ಎಂಟು ಸಲ ಬೋನಸ್, 2000ದಲ್ಲಿ ಒಂದು ಸ್ಪ್ಲಿಟ್. ಆದರೆ ದುಡ್ಡು ಬಂದದ್ದು ಆ ವರ್ಷಗಳಲ್ಲಿ ಕಂಪನಿಯ ಲಾಭ ಬೆಳೆದದ್ದರಿಂದ. ಬೋನಸ್, ಸ್ಪ್ಲಿಟ್ ಎರಡೂ ಮಾಡದೇ ಇದ್ದಿದ್ದರೆ ಅದೇ 100 ಷೇರು ಇರ್ತಿತ್ತು, ಒಂದೊಂದರ ಬೆಲೆ ಸಾವಿರ ಪಟ್ಟು ಜಾಸ್ತಿ ಇರ್ತಿತ್ತು. ಎಂಆರ್‌ಎಫ್ ಷೇರನ್ನು ಸ್ಪ್ಲಿಟ್ ಮಾಡೇ ಇಲ್ಲ, 2023ರ ಜೂನ್‌ನಲ್ಲಿ ಒಂದೇ ಷೇರು 1 ಲಕ್ಷ ದಾಟಿತು.

ಹಳೇ ಹೂಡಿಕೆದಾರ: ಸರಿಯಪ್ಪ. ಆದರೂ ಬೋನಸ್ ಸುದ್ದಿ ಬಂದಾಗ ಬೆಲೆ ಏರೋದನ್ನ ನಾನೇ ಎಷ್ಟು ಸಲ ಕಂಡಿದ್ದೀನಿ.

ಖಾತೆ ಕಿರ್ದಿ: ಏರುತ್ತೆ, ಕೆಲವು ಸಲ. ಮುಂದೆಯೂ ಲಾಭ ಬರುತ್ತೆ ಅಂತ ಆಡಳಿತಕ್ಕೆ ಧೈರ್ಯ ಇದೆ ಅಂತ ಜನ ಓದಿಕೊಳ್ತಾರೆ. 9,300ಕ್ಕೆ ಹಿಂಜರಿದವರು 930ಕ್ಕೆ ಕೊಳ್ತಾರೆ. ಅದು ಕೊಳ್ಳುವವರ ಮನಸ್ಸಿನ ಮಾತು, ನಾನು ಹೇಳಿದ್ದು ಪುಸ್ತಕದ ಲೆಕ್ಕ.

ಶಿರಸಿ ಕಡೆಯವಳು: ನಮ್ಮ ಮಾವನವರ ಪೆಟ್ಟಿಗೆಯಲ್ಲಿ ಒಂದು ಹಳೇ ಕಂಪನಿಯ ಕಾಗದದ ಷೇರು ಸಿಕ್ಕಿದೆ. ಅದಕ್ಕೂ ಬೋನಸ್ ಬಂದಿರಬಹುದಾ? ಇವರ ಹಾಗೆ ನಮಗೂ ಹತ್ತು ಪಟ್ಟು ಆಗುತ್ತಾ?

ಖಾತೆ ಕಿರ್ದಿ: ಅಕ್ಕ, ಅದು ಬೇರೆಯೇ ಪ್ರಶ್ನೆ. ಆ ಕಂಪನಿಯ ರಿಜಿಸ್ಟ್ರಾರ್‌ಗೆ ಫೋಲಿಯೋ ನಂಬರ್ ಕೊಟ್ಟು ಬರೆಯಿರಿ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದೇ ಇದ್ದರೆ ಷೇರುಗಳೇ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗಿರಬಹುದು. ಅರ್ಜಿ ಹಾಕಿ ವಾಪಸ್ ಪಡೀಬಹುದು. ಬೇರೆ ಕಡೆ ಕೇಳಿ, ವಿವರವಾಗಿ ಬರೀತೀನಿ.

ಗಾಬರಿಬಿದ್ದವ: ಜೂನ್ 16ರ ಬೆಳಗ್ಗೆ ನನ್ನ ಆ್ಯಪ್‌ನಲ್ಲಿ 90 ಪರ್ಸೆಂಟ್ ನಷ್ಟ ಅಂತ ಕೆಂಪಗೆ ಕಾಣಿಸಿತು. ಬೆಲೆ ಇಳಿದಿದೆ, ಹೊಸ ಷೇರು ಇನ್ನೂ ಖಾತೆಗೆ ಬಂದಿಲ್ಲ. ಷೇರು ಜಮೆಯಾಗಿ ಆ್ಯಪ್ ಲೆಕ್ಕ ಸರಿಮಾಡಿಕೊಳ್ಳುವವರೆಗೆ ಹಾಗೇ ತೋರಿಸುತ್ತೆ. ಆ ಹೊತ್ತಿನಲ್ಲಿ ಏನೂ ಮಾರಬೇಡಿ. ಬೆಲೆ ಇಳಿದರೆ ತಾನೇ ಮಾರಿಬಿಡುವ ಸ್ಟಾಪ್‌ಲಾಸ್ ಹಳೇ ಬೆಲೆಗೆ ಹಾಕಿಟ್ಟಿದ್ದರೆ ಮುಂಚೆಯೇ ತೆಗೆದುಬಿಡಿ. ಇನ್ನೊಂದು, ಈಗ ಚಾರ್ಟ್ ತೆಗೆದರೆ ಜನವರಿಯ ಬೆಲೆ 700 ಅಂತ ಕಾಣುತ್ತೆ. ಹಳೇ ಬೆಲೆಗಳನ್ನೂ ಹತ್ತರಿಂದ ಭಾಗಿಸಿರ್ತಾರೆ, ಹೆದರಬೇಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನನ್ನ ಆ್ಯಪ್‌ನಲ್ಲೂ ಸರಾಸರಿ ಕೊಂಡ ಬೆಲೆ 700 ಅಂತಿದೆ. ಈಗ 1,000ದ ಹತ್ತಿರ ಇದೆ ಅಂದುಕೊಳ್ಳಿ. 20 ಮಾರಿದರೆ 6,000 ಲಾಭ ತಾನೇ?

ಖಾತೆ ಕಿರ್ದಿ: ಜೇಬಿನ ಲೆಕ್ಕಕ್ಕೆ ಹೌದು, ತೆರಿಗೆಗೆ ಅಲ್ಲ. ಇಲ್ಲಿ ಸ್ಪ್ಲಿಟ್ ಮತ್ತು ಬೋನಸ್ ನಿಜಕ್ಕೂ ದಾರಿ ಬೇರೆ ಮಾಡ್ತವೆ. ಸ್ಪ್ಲಿಟ್‌ನಲ್ಲಿ ಕೊಂಡ ಬೆಲೆ ಹಂಚಿಹೋಗುತ್ತೆ. ನಿಮ್ಮ 70,000 ರೂಪಾಯಿ 20 ಷೇರಿನ ಮೇಲೆ ಕೂರುತ್ತೆ, ಒಂದಕ್ಕೆ 3,500. ಅವುಗಳ ದಿನಾಂಕ ಜನವರಿಯದ್ದೇ. ಬೋನಸ್‌ನ 80 ಷೇರಿಗೆ ಕೊಂಡ ಬೆಲೆ ಸೊನ್ನೆ, ದಿನ ಎಣಿಸೋದು ಅವು ಹಂಚಿಕೆಯಾದ ದಿನದಿಂದ.

ಮಾರುವಾಗ ಮೊದಲು ಬಂದದ್ದು ಮೊದಲು ಹೋಗುತ್ತೆ. ಹಾಗಾಗಿ ನೀವು ಮಾರುವ 20 ಹಳೆಯವು. ಕೈಗೆ 20,000 ಬರುತ್ತೆ, ಕೊಂಡದ್ದು 70,000ಕ್ಕೆ. ಕಾಗದದ ಮೇಲೆ 50,000 ಅಲ್ಪಾವಧಿ ನಷ್ಟ! ಬೇರೆ ಷೇರಿನಲ್ಲಿ ಲಾಭ ಇದ್ದರೆ ಅದರಲ್ಲಿ ಕಳೆಯಬಹುದು. ಮುಂದೆ ಉಳಿದ 80 ಮಾರಿದ ದಿನ ಬಂದದ್ದೆಲ್ಲ ಲಾಭವೇ. ಬೆಲೆ ಆಗಲೂ 1,000 ಇದ್ದರೆ 80,000. ಅದರಲ್ಲಿ ಈ 50,000 ತೆಗೆದರೆ 30,000. ಒಟ್ಟು 1 ಲಕ್ಷಕ್ಕೆ ಮಾರಿ 70,000 ಕಳೆದರೂ ಅಷ್ಟೇ.

ಬೋನಸ್ ಬೇಟೆಗಾರ: ಅರೆ, ನಾನು ಮೇ ತಿಂಗಳಲ್ಲೇ ಬೋನಸ್‌ಗೆ ಅಂತ ಕೊಂಡಿದ್ದೆ. ಹಳೇದನ್ನು ಮಾರಿ ನಷ್ಟ ತೋರಿಸಬಹುದು ಹಾಗಾದರೆ!

ಖಾತೆ ಕಿರ್ದಿ: ನಿಮಗೆ ಆಗಲ್ಲ. ರೆಕಾರ್ಡ್ ಡೇಟ್‌ಗೆ ಮುಂಚಿನ ಮೂರು ತಿಂಗಳೊಳಗೆ ಕೊಂಡು, ಆಮೇಲಿನ ಒಂಬತ್ತು ತಿಂಗಳೊಳಗೆ ಹಳೇ ಷೇರು ಮಾರಿ, ಬೋನಸ್ ಷೇರು ಕೈಯಲ್ಲೇ ಇಟ್ಟುಕೊಂಡರೆ ಆ ನಷ್ಟವನ್ನು ಒಪ್ಪಲ್ಲ. ಅದು ಉಳಿದ ಬೋನಸ್ ಷೇರುಗಳ ಕೊಂಡ ಬೆಲೆಯಾಗಿ ಕೂರುತ್ತೆ. 1961ರ ಆದಾಯ ತೆರಿಗೆ ಕಾನೂನಿನ 94(8)ನೇ ಕಲಮು. ಕೇಳಿದವರು ಜನವರಿಯಲ್ಲಿ ಕೊಂಡಿದ್ದಾರೆ, ಹಾಗಾಗಿ ಅವರಿಗೆ ತಾಗಲ್ಲ.

ಬೋನಸ್ ಬೇಟೆಗಾರ: ಸ್ವಲ್ಪ ಮೇನಲ್ಲಿ, ಸ್ವಲ್ಪ ಫೆಬ್ರವರಿಯಲ್ಲಿ ಕೊಂಡಿದ್ದೀನಿ. ಆಗ?

ಖಾತೆ ಕಿರ್ದಿ: ಎರಡು ಬ್ರೋಕರ್ ಖಾತೆಯಾ, ಒಂದೇನಾ? ಅದು ಗೊತ್ತಾಗದೆ ಯಾವುದು ಮೊದಲು ಹೋಗುತ್ತೆ ಹೇಳೋಕಾಗಲ್ಲ. ಬ್ರೋಕರ್ ಕೊಡುವ ತೆರಿಗೆ ವರದಿ ತೆಗೆದು ಸ್ಪ್ಲಿಟ್‌ನಲ್ಲಿ ಹಂಚಿದ ಕೊಂಡ ಬೆಲೆ ಮತ್ತು ಬೋನಸ್‌ನ ಸೊನ್ನೆ ಬೇರೆ ಬೇರೆ ಸಾಲಿನಲ್ಲಿ ಇವೆಯಾ ನೋಡಿ. ಎಲ್ಲದಕ್ಕೂ ಸರಾಸರಿ ಬೆಲೆಯನ್ನೇ ಹಾಕಿದ್ದರೆ ರಿಟರ್ನ್ ತುಂಬುವ ಮುಂಚೆ ತಿದ್ದಿಸಿಕೊಳ್ಳಿ.