ಸಹಾಯ ಬೇಕು: ಹಳೆಯ ಸೊಂಟನೋವಿನ ಪ್ರೋಗ್ರೆಸ್ ನೋಟ್‌ನಲ್ಲಿ ಗುರಿ ಬದಲಿಸಬೇಕೇ?

ಫಿಸಿಯೋ ಬಳಗದವರಿಗೆ ನಮಸ್ಕಾರ. ಟೈಲರಿಂಗ್ ಕೆಲಸದ 42 ವರ್ಷದ ಮಹಿಳೆ, ಎರಡು ವರ್ಷದ ಸೊಂಟನೋವು. ಕಾಲಿಗೆ ಇಳಿಯುವ ನೋವಿಲ್ಲ, ಅಪಾಯದ ಲಕ್ಷಣಗಳೂ ಇಲ್ಲ. ಆರು ವಾರದ ಚಿಕಿತ್ಸೆಯಲ್ಲಿ ನೋವು 10ಕ್ಕೆ 6ರಿಂದ 3ಕ್ಕೆ ಇಳಿದಿದೆ.

ಆಸ್ವೆಸ್ಟ್ರಿ ಅಂಕವೇ ತಕರಾರು. ಲೈಂಗಿಕ ಜೀವನದ ಪ್ರಶ್ನೆಯನ್ನು ಅವರು ಎರಡೂ ಸಲ ಖಾಲಿ ಬಿಟ್ಟಿದ್ದಾರೆ (ನಮ್ಮ ಕಡೆ ಇದು ಮಾಮೂಲು). ಹಾಗಾಗಿ ಭಾಗಿಸಬೇಕಾದ್ದು 45ರಿಂದ: ಮೊದಲು 20, ಅಂದರೆ ಶೇ. 44, ಈಗ 16, ಅಂದರೆ ಶೇ. 36. ಎರಡನೆಯದನ್ನು 50ರಿಂದ ಭಾಗಿಸಿದರೆ ಶೇ. 32 ಬಂದು, 12 ಅಂಶದ ಸುಳ್ಳು ಸುಧಾರಣೆ ಕಾಣುತ್ತದೆ. ನಿಜವಾದ ಇಳಿಕೆ ಸುಮಾರು 9. ಸಾಮಾನ್ಯವಾಗಿ ಒಪ್ಪುವ 10ರ ಗಡಿ ದಾಟಿಲ್ಲ.

ಕಾರಣ ವ್ಯಾಯಾಮದಲ್ಲೇ ಇದೆ ಅನ್ನಿಸುತ್ತದೆ. ಇದುವರೆಗಿನ ಬ್ರಿಡ್ಜ್, ಬರ್ಡ್ ಡಾಗ್ ಎಲ್ಲವೂ ನೆಲದ ಮೇಲಿನವು; ಅವರಿಗೆ ಕಷ್ಟ ಇರುವುದು ಕೂರುವುದರಲ್ಲಿ, ಕೊಡ ಎತ್ತುವುದರಲ್ಲಿ.

ಹೊಸ ಯೋಜನೆ: ಬೆನ್ನಿಗೆ ಕೋಲು ಹಿಡಿದು ಸೊಂಟದಿಂದ ಬಾಗುವ ಅಭ್ಯಾಸ, ನಂತರ ಸ್ಟೂಲ್ ಮೇಲಿಂದ 5 ಕೆಜಿ ಅಕ್ಕಿ ಚೀಲ ಎತ್ತುವುದು, 8ರಂತೆ 3 ಸುತ್ತು, ವಾರಕ್ಕೆ ಮೂರು ದಿನ. ಮೊದಲು ಎತ್ತರ ತಗ್ಗಿಸಿ, ಆಮೇಲೆ ತೂಕ ಏರಿಸುವುದು. ಹೆಚ್ಚಿದ ನೋವು ಮರುದಿನಕ್ಕೆ ಇಳಿಯದಿದ್ದರೆ ಹಿಂದಿನ ಹಂತಕ್ಕೆ.

ಗುರಿ: ನಾಲ್ಕು ವಾರದಲ್ಲಿ ಕೂರುವ ಅವಧಿ 20ರಿಂದ 40 ನಿಮಿಷ, ನೆಲದಿಂದ 10 ಕೆಜಿ ಕೊಡ. ತೂಕದ ಗುರಿಗೆ ನಾಲ್ಕು ವಾರ ಸಾಕೇ? ನೋವು ಇಳಿದು ಕೆಲಸದ ಸಾಮರ್ಥ್ಯ ಏರದ್ದನ್ನು ನೋಟ್‌ನಲ್ಲಿ ನೀವು ಹೇಗೆ ಬರೆಯುತ್ತೀರಿ?