ಅಪ್‌ಡೇಟ್: ಮನೆಯಿಂದ ಬರೆದ ಟೆಸ್ಟ್ ಆದ ಮೇಲೆ ಎದುರಿಗೇ ಒಂದು ಕೆಲಸ

ಕೇಳಿದ್ದು: ಕಂಟೆಂಟ್ ರೈಟರ್ ಕೆಲಸಕ್ಕೆ ಬಂದ ಟೆಸ್ಟ್ ಲೇಖನ ತುಂಬಾ ಚೆನ್ನಾಗಿದೆ. ಅವರೇ ಬರೆದದ್ದಾ ಅಂತ ತಿಳಿಯೋದು ಹೇಗೆ?

ಅಪ್‌ಡೇಟ್: ಅಭ್ಯರ್ಥಿಗೆ ನಮ್ಮೆದುರು ಬರೆಯೋಕೆ ಹೊಸ ವಿಷಯ ಕೊಡಲಿಲ್ಲ. ಕೊಟ್ಟಿದ್ದರೆ ಗಾಬರಿಯನ್ನಷ್ಟೇ ಅಳೆದ ಹಾಗಾಗುತ್ತಿತ್ತು. ಮೊದಲೇ ತಿಳಿಸಿ, ವಿಡಿಯೋ ಕಾಲ್‌ನಲ್ಲಿ ಅವರದೇ ಗೃಹಸಾಲದ ಲೇಖನ ತೆರೆದೆವು. ಫ್ಲೋಟಿಂಗ್ ಬಡ್ಡಿಯ ಪ್ಯಾರಾವನ್ನು ಮೊದಲ ಸಲ ಸಾಲ ತೆಗೆಯುವವರಿಗಾಗಿ ಅರ್ಧಕ್ಕೆ ಇಳಿಸಿ ಅಂದೆ. 20 ನಿಮಿಷ.

ಟೈಪಿಂಗ್ ನಿಧಾನ, ಕಾಗುಣಿತ ತಪ್ಪೂ ಇತ್ತು. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಶುರು ಮಾಡುವ ಮೊದಲೇ, ‘ಇವರಿಗೆ ರೆಪೊ ದರ ಅಂದ್ರೆ ಗೊತ್ತಿರುತ್ತಾ ಸರ್?’ ಅಂತ ಕೇಳಿದರು. ಆ ಪದ ತೆಗೆದು, ‘ಬಡ್ಡಿ ಏರಿದರೆ ಕಂತು ಅಥವಾ ಅವಧಿ ಹೆಚ್ಚುತ್ತದೆ’ ಅಂತ ಬರೆದರು. ಯಾವ ಸಾಲು ಯಾಕೆ ಬಿಟ್ಟೆ ಅಂತಲೂ ಹೇಳಿದರು.

ಇನ್ನೊಬ್ಬರಿಗೂ ಇದೇ ಕೆಲಸ ಕೊಟ್ಟೆವು. ಅವರು ಸುಮ್ನೆ ಪದ ಬದಲಿಸಿದರು. ಅವರದೇ ವಾಕ್ಯದ ಅರ್ಥ ಕೇಳಿದರೆ ತಡವರಿಸಿದರು. ಮೊದಲನೆಯವರಿಗೆ ಆಫರ್ ಹೋಗಿದೆ.