ಮೂರು ಕಾಲಮ್‌ನ ವಾರ್ತಾಪತ್ರಕ್ಕೆ ಗ್ರಿಡ್ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಮ್ಮ ಸಂಘದ ವಾರ್ತಾಪತ್ರ ಎ4, 8 ಪುಟ, ಇನ್‌ಡಿಸೈನ್‌ನಲ್ಲಿ ಮಾಡ್ತೀನಿ. ಉದ್ದ ಲೇಖನ, ಜೊತೆಗೆ ರಾಶಿ ಫೋಟೋ. ಮೂರು ಕಾಲಮ್ ಹಾಕಿದರೆ ಪದಗಳ ನಡುವೆ ತೂತು ಬೀಳುತ್ತೆ, ಫೋಟೋ ಯಾವ ಸಾಲಿಗೂ ಕೂರಲ್ಲ. ಗ್ರಿಡ್ ಹೇಗೆ ಕಟ್ಟೋದು?

ಶಾಲಾ ಮ್ಯಾಗಜಿನ್ ಮಾಡುವವರು: 12 ಕಾಲಮ್ ಹಾಕಿಬಿಡಿ ಸರ್. ಎರಡು, ಮೂರು, ನಾಲ್ಕು, ಎಲ್ಲದಕ್ಕೂ ಭಾಗ ಹೋಗುತ್ತೆ.

ಪುಟ ವಿನ್ಯಾಸಕಿ: ಭಾಗ ಹೋಗುವುದು ನಿಜ. ಆದರೆ ಎ4ನಲ್ಲಿ 15 ಪಾಯಿಂಟ್ ಸಂದು ಬಿಟ್ಟರೆ ಒಂದೊಂದು ಪಟ್ಟಿಗೆ ಉಳಿಯುವುದು ಬರೀ 29 ಪಾಯಿಂಟ್. ಎಲ್ಲಿಟ್ಟರೂ ಯಾವುದೋ ಒಂದು ಗೆರೆಗೆ ತಾಗುತ್ತೆ, ಹಾಗಾದಮೇಲೆ ಗ್ರಿಡ್ ಇದ್ದೂ ಇಲ್ಲದಂತೆ. 6 ಸಾಕು.

ಕಾಲಮ್‌ಗಿಂತ ಮೊದಲು ಸಾಲಿನ ಅಂತರ ತೀರ್ಮಾನಿಸಿ. ‘ರಾಷ್ಟ್ರ’, ‘ಸ್ತ್ರೀ’ ಇರುವ ಸಾಲಿನ ಕೆಳಗೆ ‘ಕೀರ್ತಿ’, ‘ಗೋಷ್ಠಿ’ ಬರುವಂತೆ ಟೈಪ್ ಮಾಡಿ ಪ್ರಿಂಟ್ ತೆಗೆಯಿರಿ. ಲೀಡಿಂಗ್ ಕಮ್ಮಿಯಾದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತೆ. 10.5 ಪಾಯಿಂಟ್ ಅಕ್ಷರಕ್ಕೆ ನಾನು 15 ಇಡುತ್ತೇನೆ. ನಿಮ್ಮ ಫಾಂಟ್‌ಗೆ ಬೇರೆ ಬೇಕಾದರೆ ಮುಂದಿನ ಲೆಕ್ಕವೆಲ್ಲ ಅದರ ಮೇಲೆ ಹಾಕಿ.

ಪುಟದಲ್ಲಿ 6 ಅಡ್ಡ ಪಟ್ಟಿ, ಒಂದೊಂದರಲ್ಲಿ 7 ಸಾಲು, ಪಟ್ಟಿಗಳ ನಡುವೆ ಒಂದು ಖಾಲಿ ಸಾಲು. ಒಟ್ಟು 47 ಸಾಲು, ಅಂದರೆ 705 ಪಾಯಿಂಟ್. ಎ4 ಎತ್ತರ ಸುಮಾರು 842. ಮೇಲೆ 60 ಬಿಟ್ಟರೆ ಕೆಳಗೆ 77 ಉಳಿಯುತ್ತೆ. ಎಡಬಲ 40. ಸೆಟ್ಟಿಂಗ್ ಇಷ್ಟೇ:

```
Preferences > Grids > Baseline Grid
  Start: 60 pt   Relative To: Top of Page
  Increment Every: 15 pt
Layout > Create Guides
  Rows: 6   Gutter: 15 pt
  Columns: 6   Gutter: 15 pt
  Fit Guides to: Margins
```

ಉದ್ದ ಲೇಖನವನ್ನು ಮೂರು ಮೂರು ಪಟ್ಟಿ ಸೇರಿಸಿ ಎರಡು ಕಾಲಮ್‌ನಲ್ಲಿ ಹರಿಸಿ. ಒಂದೊಂದು 88 ಮಿ.ಮೀ. ಅಗಲ ಸಿಗುತ್ತೆ. ನಿಮ್ಮ ಮೂರು ಕಾಲಮ್‌ನಲ್ಲಿ ಸುಮಾರು 57 ಮಿ.ಮೀ. ಮಾತ್ರ. ‘ಕಾರ್ಯಕ್ರಮದಲ್ಲಿ’, ‘ಭಾಗವಹಿಸಿದ್ದವರೆಲ್ಲರೂ’ ಥರದ ಎರಡು ಪದ ಬಂದರೆ ಸಾಲು ತುಂಬಿತು, ಉಳಿದ ಜಾಗ ತೂತಾಯಿತು. ಆ ಅಗಲ ಸಣ್ಣ ಸುದ್ದಿಗೆ, ಬಾಕ್ಸ್‌ಗೆ ಇರಲಿ.

ಫೋಟೋಗೆ ಇದೇ ಗ್ರಿಡ್ ಚೆನ್ನಾಗಿ ಒದಗುತ್ತೆ. ಎರಡು ಪಟ್ಟಿ ಅಗಲ ಒಂದು ಎತ್ತರ, ನಾಲ್ಕು ಅಗಲ ಎರಡು ಎತ್ತರ, ಪೂರ್ತಿ ಅಗಲ ಮೂರು ಎತ್ತರ: ಮೂರೂ ಹೆಚ್ಚುಕಮ್ಮಿ 3:2. ಕ್ಯಾಮೆರಾ ಫೋಟೋ ಜಾಸ್ತಿ ಕತ್ತರಿಸದೆ ಕೂರುತ್ತೆ. ಮೊಬೈಲ್‌ನಲ್ಲಿ ಉದ್ದುದ್ದ ತೆಗೆದ 3:4 ಚಿತ್ರಕ್ಕೆ ಎರಡು ಅಗಲ, ಎರಡು ಎತ್ತರ. ಮೂರು ಅಗಲ ಎರಡು ಎತ್ತರದ ಮನೆ ಮಾತ್ರ ಚೌಕದ ಹತ್ತಿರ ಬರುತ್ತೆ. ಅಲ್ಲಿ ಗುಂಪು ಫೋಟೋ ಹಾಕಿದರೆ ತುದಿಯಲ್ಲಿ ನಿಂತವರು ಹೋಗುತ್ತಾರೆ, ಆಮೇಲೆ ಫೋನ್ ಬರುತ್ತೆ.

ಒಂದು ವರದಿ ಪುಟ ನೋಡಿ. ಮೇಲೆ ಎಡಕ್ಕೆ ನಾಲ್ಕು ಪಟ್ಟಿ ಅಗಲ, ಎರಡು ಪಟ್ಟಿ ಎತ್ತರದ ಫೋಟೋ. ಬಲಕ್ಕೆ ಉಳಿದ ಎರಡು ಪಟ್ಟಿಯಲ್ಲಿ ತಲೆಬರಹ, ಅದರ ತಳದಲ್ಲಿ ಫೋಟೋ ವಿವರ. ವಿವರದ ಕೊನೆ ಸಾಲು ಫೋಟೋದ ತಳಕ್ಕೆ ಸಮ. ಕೆಳಗಿನ ನಾಲ್ಕು ಪಟ್ಟಿಯಲ್ಲಿ ಎರಡು ಕಾಲಮ್, ಒಂದೊಂದರಲ್ಲಿ 31 ಸಾಲು.

ಪ್ರಶ್ನೆ ಕೇಳಿದವರು: ಮಾಡಿ ನೋಡಿದೆ ಮೇಡಂ. ತಳ ಸರಿ ಕೂತಿತು. ಆದರೆ ಪಠ್ಯದ ಪಕ್ಕ ಇಟ್ಟ ಫೋಟೋದ ತಲೆ ಸಾಲಿಗಿಂತ ಮೇಲೆ ಕಾಣುತ್ತೆ.

ಪುಟ ವಿನ್ಯಾಸಕಿ: ಅದು ಹಾಗೇ ಬರುತ್ತೆ. ಗೈಡ್ ನಿಂತಿರುವುದು ಮೊದಲ ಸಾಲಿನ ತಳಕ್ಕಿಂತ 15 ಪಾಯಿಂಟ್ ಮೇಲೆ, ಅಕ್ಷರದ ಎತ್ತರ ಅದರ ಅರ್ಧದಷ್ಟು. ಫೋಟೋದ ಮೇಲಂಚನ್ನು ತಲಕಟ್ಟಿನ ಮಟ್ಟಕ್ಕೆ ಎಳೆಯಿರಿ, 7 ಪಾಯಿಂಟ್ ಆಸುಪಾಸು ಬರಬಹುದು. ಗುಡಿಸು ಅದಕ್ಕಿಂತ ಮೇಲೆ ಚಾಚಿದರೆ ಚಾಚಲಿ, ಕಣ್ಣು ತಲಕಟ್ಟನ್ನೇ ಹಿಡಿಯುತ್ತೆ. ಒಮ್ಮೆ ಅಳೆದು ಎಲ್ಲ ಫೋಟೋಗೂ ಅದನ್ನೇ ಇಡಿ.

ಇನ್ನೊಬ್ಬ ಸದಸ್ಯರು: ನಾನು ವರ್ಡ್‌ನಲ್ಲಿ ಮಾಡ್ತೀನಿ, ಫೋಟೋ ಸರಿಸಿದರೆ ಬರಹವೆಲ್ಲ ಓಡಿಹೋಗುತ್ತೆ. ಇದಕ್ಕೂ ಗ್ರಿಡ್ಡೇ ಮದ್ದಾ?

ಪುಟ ವಿನ್ಯಾಸಕಿ: ಅಲ್ಲ ಸರ್, ಅದು ಚಿತ್ರದ ಟೆಕ್ಸ್ಟ್ ರ್‍ಯಾಪ್ ವಿಷಯ. ಬೇರೆ ಪೋಸ್ಟ್ ಹಾಕಿ, ಅಲ್ಲಿ ನೋಡೋಣ.

ಪ್ರೆಸ್‌ನವರು: ಗ್ರಿಡ್ ತಪ್ಪಿದ್ದು ನಮಗೆ ಬೇಗ ಗೊತ್ತಾಗುತ್ತೆ. ಅಚ್ಚಾದ ಹಾಳೆಯನ್ನು ಬೆಳಕಿಗೆ ಹಿಡಿದರೆ ಹಿಂದಿನ ಸಾಲು ಮುಂದಿನ ಸಾಲಿನ ಮೇಲೇ ಕೂತಿರಬೇಕು. ಒಂದು ಜಾಗದಿಂದ ಕೆಳಗೆ ಮಾತ್ರ ತಪ್ಪಿದ್ದರೆ ಅದರ ಮೇಲಿನ ಉಪಶೀರ್ಷಿಕೆ ನೋಡಿ. ಯಾರೋ 8 ಪಾಯಿಂಟ್ ಜಾಗ ಬಿಟ್ಟಿರುತ್ತಾರೆ. ಬಿಡುವುದಾದರೆ ಪೂರ್ತಿ 15 ಬಿಡಿ. ಇನ್ನೊಂದು, ಮೇಡಂ, ಸಣ್ಣ ಕಾಲಮ್ ಆದರೂ ಎರಡೂ ಕಡೆ ಸಮ ಇರಲಿ. ಬಲಗಡೆ ಏರುಪೇರಾದರೆ ಗಿರಾಕಿಗಳು ‘ಪ್ರೂಫ್ ಸರಿ ಮಾಡಿಲ್ಲ’ ಅಂತಾರೆ.

ಪುಟ ವಿನ್ಯಾಸಕಿ: ಉಪಶೀರ್ಷಿಕೆ ಮಾತು ನೂರಕ್ಕೆ ನೂರು ಸರಿ. ಆದರೆ 57 ಮಿ.ಮೀ.ಯಲ್ಲಿ ಎರಡೂ ಕಡೆ ಸಮ ಮಾಡಿದರೆ ಮತ್ತೆ ಅದೇ ತೂತು, ಅಲ್ವಾ? ನಾನು ಅಲ್ಲಿ ಎಡಕ್ಕೆ ಮಾತ್ರ ಸಮ ಇಡುತ್ತೇನೆ.

ಪ್ರೆಸ್‌ನವರು: ಬೈಸಿಕೊಳ್ಳೋದು ನಾವು, ಮೇಡಂ.

ಪ್ರಶ್ನೆ ಕೇಳಿದವರು: ಒಂದು ಬಾಕ್ಸನ್ನು ಎರಡೂ ಥರ ಪ್ರಿಂಟ್ ತೆಗೆದು ಕಮಿಟಿಯವರಿಗೆ ತೋರಿಸ್ತೀನಿ.